ಅವಳ ಹೆಸರಿನ ಒಂದು H

ಮದುವೆಯಾಗಿ ವರ್ಷ ತುಂಬುವುದರೊಳಗೆ ಆಪ್ತಸಲಹೆಗೆ ನನ್ನ ಹತ್ತಿರ ಬರುವ ಕೆಲವು ಜೋಡಿಗಳ ಕೈಯಲ್ಲಿ ಈಗೀಗ ಒಂದು ಚೀಟಿ ಇರುತ್ತದೆ. ಅದರಲ್ಲಿ ಇಬ್ಬರ ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ಪ್ರತಿ ಅಕ್ಷರದ ಕೆಳಗೆ ಒಂದು ಅಂಕಿ, ಕೊನೆಗೆ ಕೂಡಿದ ಮೊತ್ತ. ಹೆಂಡತಿಯ ಹೆಸರಿನ ಸುತ್ತ ಕೆಂಪು ಗುಂಡು. ಪಕ್ಕದಲ್ಲಿ ಹೊಸ ಸ್ಪೆಲಿಂಗ್. ಇಂಥ ಚೀಟಿಗಳಲ್ಲಿ ಒಂದರ ಕಥೆಯನ್ನು ಆ ಇಬ್ಬರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ನಿಜವಾದ ಹೆಸರುಗಳನ್ನು ಬಿಟ್ಟು, ಲೆಕ್ಕಕ್ಕೆ ಹೊಂದುವ ಬೇರೆ ಹೆಸರು ಇಟ್ಟಿದ್ದೇನೆ.

ಶ್ವೇತಾ ನರ್ಸ್. ಮಹೇಶ್ ಐಟಿ ಕಂಪನಿಯಲ್ಲಿದ್ದವರು. ಮದುವೆಯಾದ ಕೆಲವೇ ತಿಂಗಳಿಗೆ ಅವರ ಕೆಲಸ ಹೋಯಿತು. ಆಮೇಲೆ ಸಿಕ್ಕಿದ್ದು ಕಡಿಮೆ ಸಂಬಳದ್ದು. ಮನೆ ಸಾಲದ ಕಂತಿಗೆ ಅವಳ ಸಂಬಳ ಹೋಗತೊಡಗಿತು, ಮಾತು ಕಡಿಮೆಯಾಯಿತು, ಜಗಳ ಜಾಸ್ತಿಯಾಯಿತು. ಅತ್ತೆ ಒಬ್ಬ ಸಂಖ್ಯಾಶಾಸ್ತ್ರದವರ ಹತ್ತಿರ ಹೋಗಿ ಚೀಟಿ ತಂದರು. ಶ್ವೇತಾ ಹೆಸರಿನಲ್ಲಿ ಒಂದು ಅಕ್ಷರ ತೆಗೆದು, ಆಧಾರ್‌ನಿಂದ ಹಿಡಿದು ಎಲ್ಲ ದಾಖಲೆಯಲ್ಲೂ ಬದಲಾಯಿಸಬೇಕು. ದಿನಾ ಹೊಸ ಹೆಸರನ್ನು 108 ಸಲ ಬರೆಯಬೇಕು. ಅವಳು ಒಪ್ಪಲಿಲ್ಲ. "ಒಂದು ಅಕ್ಷರಕ್ಕೂ ಇಷ್ಟು ಹಟವಾ?" ಅಂತ ಮಹೇಶ್ ಕೇಳಿದರು. ಅಲ್ಲಿಂದ ನನ್ನ ಹತ್ತಿರ ಬಂದರು.

ಚೀಟಿಯ ಲೆಕ್ಕ ಇದು. ಇಂಗ್ಲಿಷಿನಲ್ಲಿ ಎಕ್ಸ್‌ಪ್ರೆಶನ್ ನಂಬರ್ ಅನ್ನುವುದನ್ನು ನಮ್ಮಲ್ಲಿ ನಾಮಸಂಖ್ಯೆ ಅಂತಾರೆ. ಹೆಸರಿನ ಪ್ರತಿ ಅಕ್ಷರಕ್ಕೆ ಕೋಷ್ಟಕದಲ್ಲಿರುವ ಅಂಕಿ ಕೊಟ್ಟು, ಕೂಡಿ, ಒಂದೇ ಅಂಕಿ ಬರುವವರೆಗೆ ಇಳಿಸುವುದು. ನಮ್ಮಲ್ಲಿ ಹೆಚ್ಚು ಬಳಸುವುದು ಕ್ಯಾಲ್ಡಿಯನ್ ಕೋಷ್ಟಕ. ಐರ್ಲೆಂಡಿನ ಕೀರೋ ಎಂಬ ಹಸ್ತಸಾಮುದ್ರಿಕ ಇದನ್ನು ಕಳೆದ ಶತಮಾನದಲ್ಲಿ ಜನಪ್ರಿಯ ಮಾಡಿದವನು. ಅದರ ಪ್ರಕಾರ:

SHWETHA = 3+5+6+5+4+5+1 = 29, 2+9 = 11, 1+1 = 2
MAHESH = 4+1+5+5+3+5 = 23, 2+3 = 5

2 ಚಂದ್ರನದು, 5 ಬುಧನದು. ಇಬ್ಬರಿಗೂ ಆಗಿಬರುವುದಿಲ್ಲ ಅಂತ ಚೀಟಿಯಲ್ಲಿತ್ತು. ಜೊತೆಗೆ 29ಕ್ಕೆ ಈ ಪದ್ಧತಿಯಲ್ಲಿ ಒಳ್ಳೆಯ ಹೆಸರಿಲ್ಲ. ಅನಿಶ್ಚಯ, ನಂಬಿದವರಿಂದ ಮೋಸ, ಗಂಡಿಗೆ ಹೆಣ್ಣಿನಿಂದ, ಹೆಣ್ಣಿಗೆ ಗಂಡಿನಿಂದ ದುಃಖ ಅಂತ ಫಲ ಹೇಳುತ್ತಾರೆ. ಒಂದು H ತೆಗೆದು SHWETA ಮಾಡಿದರೆ 24, ಅಂದರೆ 6, ಶುಕ್ರ. ಶುಕ್ರನಿಗೂ ಬುಧನಿಗೂ ಸ್ನೇಹ. ಶಾಸ್ತ್ರದ ಒಳಗಿನಿಂದ ನೋಡಿದರೆ ಅವರು ಕೊಟ್ಟ ಪರಿಹಾರದಲ್ಲಿ ಲೆಕ್ಕ ತಪ್ಪಿರಲಿಲ್ಲ.

ಇಲ್ಲಿ ನಾನು ಮಾಡಬಹುದಾಗಿದ್ದ, ಆದರೆ ಮಾಡದ ಒಂದು ಕೆಲಸವಿದೆ. ಪೈಥಾಗೊರಿಯನ್ ಅನ್ನುವ ಇನ್ನೊಂದು ಕೋಷ್ಟಕವಿದೆ. ಅದರಲ್ಲಿ A ಯಿಂದ I ವರೆಗೆ 1ರಿಂದ 9, J ಯಿಂದ ಮತ್ತೆ 1, ಹೀಗೆ ಸಾಲಾಗಿ ಹೋಗುತ್ತದೆ. ಆ ಲೆಕ್ಕದಲ್ಲಿ SHWETHA 30, ಅಂದರೆ 3. MAHESH 27, ಅಂದರೆ 9. ಗುರು ಮತ್ತು ಕುಜ, ಪರಸ್ಪರ ಮಿತ್ರರು. ಕೋಷ್ಟಕ ಬದಲಾಯಿಸಿದ ಮಾತ್ರಕ್ಕೆ ಅದೇ ಗಂಡ ಹೆಂಡತಿ ಚಿನ್ನದಂಥ ಜೋಡಿ! ಅದೂ ಅಲ್ಲದೆ ಆ ಪದ್ಧತಿಯ ಕಟ್ಟಾ ಅನುಯಾಯಿಗಳ ಪ್ರಕಾರ ನಾಮಸಂಖ್ಯೆ ತೆಗೆಯಬೇಕಾದ್ದು ಹುಟ್ಟಿದಾಗ ಇಟ್ಟ ಪೂರ್ತಿ ಹೆಸರಿನಿಂದ. ಮದುವೆಯ ನಂತರದ ಹೆಸರು ಅದರ ಮೇಲೆ ಸಣ್ಣ ಪ್ರಭಾವ ಬೀರಬಹುದೇ ಹೊರತು ಮೂಲ ಸಂಖ್ಯೆಯನ್ನು ಬದಲಾಯಿಸುವುದಿಲ್ಲ. ಇನ್ನು ನಮ್ಮ ಕಡೆ ಪೂರ್ತಿ ಹೆಸರು ಯಾವುದು? ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಎರಡು ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಹೆಸರು, ಆಸ್ಪತ್ರೆಯ ಬ್ಯಾಡ್ಜಿನಲ್ಲಿ ಏನೂ ಇಲ್ಲ. ಚೀಟಿಯ ಕ್ಯಾಲ್ಡಿಯನ್ ಲೆಕ್ಕದಲ್ಲೇ SHWETHA H N ಅಂತ ಬರೆದರೆ 39, ಅಂದರೆ 3. ಮೂರು ದಾಖಲೆಗೆ ಮೂರು ಸಂಖ್ಯೆ ಬರಬಹುದು.

ಇದನ್ನೆಲ್ಲ ಅವರ ಮುಂದೆ ಹರಡಿ ಗೆದ್ದೆ ಅಂದುಕೊಳ್ಳಬಹುದಿತ್ತು. ಆದರೆ ಒಂದು ಕೋಷ್ಟಕದಿಂದ ಇನ್ನೊಂದನ್ನು ಹೊಡೆದರೆ ನಂಬಿಕೆ ಹೋಗುವುದಿಲ್ಲ. ಮಗ ಮನೆಗೆ ಹೋಗಿ ಅಮ್ಮನ ಮುಂದೆ "ಆ ಮೇಡಂಗೆ ದೇವರು ದಿಂಡರು ಏನೂ ಇಲ್ಲ" ಅಂತ ಹೇಳುತ್ತಾನೆ, ಅಷ್ಟೇ. ನನಗೆ ಬೇಕಿದ್ದದ್ದು ಬೇರೆ. ಈ ಮನೆಯಲ್ಲಿ ಆ ಚೀಟಿ ಯಾವ ಕೆಲಸ ಮಾಡುತ್ತಿದೆ ಅಂತ ಗೊತ್ತಾಗಬೇಕಿತ್ತು.

ಅದನ್ನು ತೋರಿಸಿದವಳು ಶ್ವೇತಾ. ಅವಳ ತಂದೆಗೆ ಪಂಚಾಂಗ, ಜಾತಕ ಚೆನ್ನಾಗಿ ಗೊತ್ತು. ಆ ದಿನ ಅವಳು ತನ್ನದೇ ಒಂದು ಹಾಳೆ ತಂದಿದ್ದಳು. ಗಂಡನ ಚೀಟಿಯ ಪಕ್ಕ ಇಟ್ಟಳು.

"ಮೇಡಂ, ಅಪ್ಪನ್ನ ಕೇಳಿದೆ. ಚಂದ್ರನಿಗೆ ಶತ್ರುಗಳೇ ಇಲ್ಲವಂತೆ. ಚಂದ್ರನಿಗೆ ಬುಧ ಮಿತ್ರ. ಆದ್ರೆ ಬುಧನಿಗೆ ಚಂದ್ರ ಶತ್ರು. ನಾನು ಚಂದ್ರ, ಇವರು ಬುಧ. ದ್ವೇಷ ಇರೋದು ಇವರ ಕಡೆಯಿಂದ. ಹೆಸರು ಬದಲಾಯಿಸಬೇಕಾದವಳು ನಾನಾ?"

ಮಹೇಶ್ ನಕ್ಕರು. ಅವಳು ನಗಲಿಲ್ಲ.

"ನನ್ನ ಹೆಸರಿಂದ ತೆಗೆಯೋ ಆ H ನ ಇವರ ಹೆಸರಿಗೇ ಹಾಕಿ. MAHESHH ಅಂತ. 28 ಆಗುತ್ತೆ, ಅಂದ್ರೆ 1, ಸೂರ್ಯ. ಸೂರ್ಯ ಚಂದ್ರ ಇಬ್ಬರೂ ಮಿತ್ರರು. ನನ್ನದು ಹಾಗೇ ಇರಲಿ. ಒಂದೇ ಅಕ್ಷರ ಅಲ್ವಾ?"

ಗ್ರಹಮೈತ್ರಿ ಅವಳು ಹೇಳಿದ ಹಾಗೇ ಇದೆ, ಲೆಕ್ಕವೂ ಸರಿ. 28 ಅಷ್ಟೇನೂ ಶುಭವಲ್ಲ ಅಂತ ಶಾಸ್ತ್ರದವರು ಹೇಳಬಹುದು, ಇರಲಿ. ಮಹೇಶ್ ತಕ್ಷಣ ಹೇಳಿದ್ದು, "ಅದು ಆಗಲ್ಲ, ನನ್ನ ಪಾಸ್‌ಪೋರ್ಟ್, ಪಿಎಫ್, ಡಿಗ್ರಿ ಎಲ್ಲದರಲ್ಲೂ ಹೆಸರಿದೆ." ಹೇಳಿ ಮುಗಿಸುವುದರೊಳಗೆ ಅವರಿಗೇ ಕೇಳಿಸಿತು. ಹೆಂಡತಿಗೂ ಪಾಸ್‌ಪೋರ್ಟ್ ಇದೆ, ಪಿಎಫ್ ಇದೆ, ಡಿಗ್ರಿ ಇದೆ.

ನಾನು ಒಂದೇ ಪ್ರಶ್ನೆ ಕೇಳಿದೆ. "ನಿಮ್ಮ ಹೆಸರು ಬದಲಾಯಿಸಿ ಅಂತ ಯಾರೂ ಯಾಕೆ ಹೇಳಲಿಲ್ಲ?"

ತುಂಬಾ ಹೊತ್ತು ಸುಮ್ನೆ ಕೂತಿದ್ದರು. ಆಮೇಲೆ ಬಂದ ಉತ್ತರ ಪ್ರಶ್ನೆಗೆ ಸಂಬಂಧವೇ ಇಲ್ಲದ್ದು ಅನ್ನಿಸಿತು. "ಆ ಪ್ರಾಜೆಕ್ಟ್ ಮುಚ್ಚುತ್ತೆ ಅಂತ ನನಗೆ ಮದುವೆಗೆ ಮುಂಚೆನೇ ಗೊತ್ತಿತ್ತು. ಛತ್ರ ಬುಕ್ ಆಗಿತ್ತು. ಅಮ್ಮನಿಗೆ ಹೇಳಲಿಲ್ಲ. ಇವಳಿಗೂ ಹೇಳಲಿಲ್ಲ."

ಶ್ವೇತಾ ಅಳಲಿಲ್ಲ, ಕೂಗಾಡಲೂ ಇಲ್ಲ. "ಅತ್ತೆ ನನ್ನ ಕಾಲ್ಗುಣ ಅಂದುಕೊಂಡಿದ್ದಾರೆ. ನೀವು ಅಂದುಕೊಳ್ಳೋಕೆ ಬಿಟ್ರಿ" ಅಂದಳು.

ಕಾಲ್ಗುಣ ಅನ್ನುವ ಮಾತು ಆ ಕೋಣೆಯಲ್ಲಿ ಬಂದಿದ್ದು ಅದೇ ಮೊದಲು. ಹೆಣ್ಣು ಕಾಲಿಟ್ಟ ಮೇಲೆ ಮನೆಗೆ ಕೆಟ್ಟದ್ದಾಯಿತು ಅಂತ ಬಾಯಿ ಬಿಟ್ಟು ಹೇಳಲು ಓದಿದ ಮನೆಗಳಲ್ಲಿ ಈಗ ನಾಚಿಕೆ. 29 ಅಂತ ಹೇಳಲು ನಾಚಿಕೆಯಿಲ್ಲ. ಅದು ಗಣಿತದಂತೆ ಕಾಣುತ್ತದೆ, ಯಾರನ್ನೂ ಬೈದಂತೆ ಕೇಳಿಸುವುದಿಲ್ಲ. ಇಬ್ಬರ ಸಂಖ್ಯೆ ಹೊಂದುವುದಿಲ್ಲ ಅಂದಾಗ ಯಾರ ಸಂಖ್ಯೆಯನ್ನಾದರೂ ಬದಲಾಯಿಸಬಹುದು. ನನ್ನ ಹತ್ತಿರ ಬಂದ ಚೀಟಿಗಳಲ್ಲಿ ಗಂಡನ ಹೆಸರಿಗೆ ಕೆಂಪು ಗುಂಡು ಬಿದ್ದದ್ದನ್ನು ನಾನು ಕಂಡಿಲ್ಲ. ಅದಕ್ಕೇ ಈ ವಿಷಯದಲ್ಲಿ ನಾನು ತಟಸ್ಥಳಾಗಿ ಕೂರುವುದಿಲ್ಲ. ಆಪ್ತಸಲಹೆಗಾರರು ಪಕ್ಷ ವಹಿಸಬಾರದು ಅಂತ ಜೊತೆಯವರು ಹೇಳುತ್ತಾರೆ. ಗಂಡ ಹೆಂಡತಿಯ ನಡುವೆ ನಾನು ಪಕ್ಷ ವಹಿಸುವುದಿಲ್ಲ. ಆದರೆ ಕೆಲಸ ಹೋದದ್ದಕ್ಕೆ ಹೆಂಡತಿಯ ಸ್ಪೆಲಿಂಗ್ ಕಾರಣ ಅನ್ನುವುದಕ್ಕೂ ಪ್ರಾಜೆಕ್ಟ್ ಮುಚ್ಚಿದ್ದು ಕಾರಣ ಅನ್ನುವುದಕ್ಕೂ ಸಮ ತೂಕ ಕೊಡಲು ನನ್ನಿಂದ ಆಗುವುದಿಲ್ಲ.

ಮದುವೆಯಲ್ಲಿ ಹೆಸರು ಬದಲಾಯಿಸುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಕರಾವಳಿಯ ಕೊಂಕಣಿ ಮನೆಗಳಲ್ಲಿ ತಟ್ಟೆಯ ಅಕ್ಕಿಯ ಮೇಲೆ ಮದುಮಗಳ ಹೊಸ ಹೆಸರು ಬರೆಯುವ ಸಂಪ್ರದಾಯವಿದೆ. ಅದನ್ನು ಸಂತೋಷದಿಂದ ಒಪ್ಪಿದವರನ್ನೂ ಬೇಸರದಿಂದ ಒಪ್ಪಿದವರನ್ನೂ ಬಲ್ಲೆ. ಅಲ್ಲಿ ಹೆಸರು ಕೊಡುತ್ತಾರೆ. ಇಲ್ಲಿ ಚೀಟಿ ಬಂದದ್ದು ದೋಷ ಹುಡುಕಿದ ಮೇಲೆ.

ನಾನು ಕೊಟ್ಟ ಸಲಹೆ ಹೀಗಿತ್ತು. ದಾಖಲೆಗಳನ್ನು ಸದ್ಯಕ್ಕೆ ಮುಟ್ಟಬೇಡಿ. ಇದಕ್ಕೆ ಕಾರಣ ಶಾಸ್ತ್ರವಲ್ಲ, ಕಚೇರಿ. ಮದುವೆಯ ನಂತರ ಹೆಸರು ಬದಲಾಯಿಸಲೇಬೇಕು ಅಂತ ಕಾನೂನಿಲ್ಲ. ಗಂಡನ ಹೆಸರು ಸೇರಿಸುವುದಾದರೆ ಮದುವೆ ಪ್ರಮಾಣಪತ್ರ ತೋರಿಸಿ ಹೆಚ್ಚು ಕಷ್ಟವಿಲ್ಲದೆ ಮಾಡಿಸಬಹುದು. ಸ್ವಂತ ಹೆಸರಿನ ಅಕ್ಷರ ಕೀಳುವುದು ಬೇರೆ ಮಾತು. ಎಲ್ಲ ಕಡೆ ನಡೆಯಬೇಕೆಂದರೆ ಅಫಿಡವಿಟ್, ಪತ್ರಿಕೆಯಲ್ಲಿ ಜಾಹೀರಾತು, ಗೆಜೆಟ್ ಅಂತ ಸುತ್ತಬೇಕಾಗುತ್ತದೆ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವನದಲ್ಲಿ ಸಾಮಾನ್ಯವಾಗಿ ಸಿಗುವುದು ಎರಡೇ ಅವಕಾಶ. ಆಧಾರ್‌ನಲ್ಲಿ SHWETA, ಪ್ಯಾನ್‌ನಲ್ಲಿ SHWETHA ಆದರೆ ಅವೆರಡನ್ನು ಜೋಡಿಸುವಾಗ ತೊಡಕು. ಶ್ವೇತಾಗೆ ಮುಂದೆ ವಿದೇಶಕ್ಕೆ ಹೋಗುವ ಆಸೆಯಿದೆ. ಅಲ್ಲಿ ನರ್ಸಿಂಗ್ ಕೌನ್ಸಿಲ್ ನೋಂದಣಿ, ಡಿಗ್ರಿ, ಪಾಸ್‌ಪೋರ್ಟ್ ಮೂರರಲ್ಲೂ ಹೆಸರು ಒಂದೇ ಇದೆಯಾ ಅಂತ ನೋಡುತ್ತಾರೆ. ಒಂದು H ಸಾಕು, ಅರ್ಜಿ ವಾಪಸ್ ಬರಲು.

ಅತ್ತೆಯ ಮನಸ್ಸಿಗೆ ಸಮಾಧಾನ ಬೇಕು ಅಂದರೆ, ವಾಟ್ಸಾಪ್‌ನಲ್ಲಿ, ಮನೆ ಬೋರ್ಡಿನಲ್ಲಿ ಹೇಗೆ ಬೇಕಾದರೂ ಬರೆಯಿರಿ. ಆದರೆ ಶ್ವೇತಾ ತಾನಾಗಿ ಒಪ್ಪಿದರೆ ಮಾತ್ರ. ಮತ್ತು ಗಂಡನ ಹೆಸರೂ ಜೊತೆಗೆ ಬದಲಾದರೆ ಮಾತ್ರ. ಮಹೇಶ್ ಇದಕ್ಕೆ ಮುಖ ಸಿಂಡರಿಸಿದರು.

ಎಲ್ಲಕ್ಕಿಂತ ಮುಖ್ಯವಾದದ್ದು ಅಮ್ಮನಿಗೆ ಕೆಲಸದ ವಿಷಯ ಹೇಳುವುದು. ಅದನ್ನು ಮಹೇಶ್ ಒಬ್ಬರೇ ಹೇಳಬೇಕು, ಶ್ವೇತಾ ಮನೆಯಲ್ಲಿ ಇಲ್ಲದಾಗ. ಅವಳಿದ್ದರೆ ಅದು ಸೊಸೆ ಹೇಳಿಸಿದ ಮಾತಾಗುತ್ತದೆ. ಮತ್ತೆ ತಿಂಗಳಿಗೊಮ್ಮೆ ಇಬ್ಬರೂ ಕೂತು ಇಬ್ಬರ ಬ್ಯಾಂಕ್ ಖಾತೆ ತೆರೆದು ನೋಡಬೇಕು. ಯಾರ ದುಡ್ಡು ಎಲ್ಲಿಗೆ ಹೋಯಿತು ಅನ್ನುವುದು ಬಾಯಿಮಾತಿನಲ್ಲಿ ಇರಬಾರದು. ಇವರ ಜಗಳದ ಬೇರು ಅಲ್ಲೇ ಇತ್ತು.

ಮಹೇಶ್ ಅಮ್ಮನಿಗೆ ಹೇಳಲು ತಡಮಾಡಿದರು. ಹೇಳಿದಾಗ ಅವರು ಮಗನ ಜೊತೆ ವಾರಗಟ್ಟಲೆ ಮಾತು ಬಿಟ್ಟರಂತೆ. ಸೊಸೆಯ ಜೊತೆ ಮಾತು ಮೊದಲಿಗಿಂತ ಸ್ವಲ್ಪ ಜಾಸ್ತಿಯಾಗಿದೆ. ಬ್ಯಾಂಕ್ ಖಾತೆ ನೋಡುವ ದಿನ ಈಗಲೂ ಜಗಳವಾಗುತ್ತದೆ. ಆದರೆ ಆ ಜಗಳ ದುಡ್ಡಿನದು, ಹೆಸರಿನದಲ್ಲ. ದಾಖಲೆಗಳಲ್ಲಿ SHWETHA ಹಾಗೇ ಇದೆ. ಅತ್ತೆ ಮಾತ್ರ ಮೊನ್ನೆ ನಾಮಕರಣದ ಉಡುಗೊರೆ ಕವರಿನ ಮೇಲೆ SHWETA ಅಂತಲೇ ಬರೆದರಂತೆ. ಶ್ವೇತಾ ತಿದ್ದಲು ಹೋಗಲಿಲ್ಲ.