ಕುಡಿದದ್ದೆಲ್ಲ ಕಕ್ಕುವ ಮಗುವಿಗೆ ಐದೈದೇ ಮಿ.ಲೀ.

ಪ್ರಶ್ನೆ: ನನ್ನ ಮಗನಿಗೆ ಎರಡು ವರ್ಷ ಮೂರು ತಿಂಗಳು, ತೂಕ 11 ಕೆ.ಜಿ. ನಿನ್ನೆ ರಾತ್ರಿಯಿಂದ ಐದು ಸಲ ವಾಂತಿಯಾಗಿದೆ, ಬೆಳಗ್ಗೆ ಒಮ್ಮೆ ನೀರಾಗಿ ಭೇದಿಯಾಯಿತು. ಲೋಟ ಕಿತ್ತುಕೊಂಡು ಗಟಗಟ ನೀರು ಕುಡಿಯುತ್ತಾನೆ, ಎರಡೇ ನಿಮಿಷದಲ್ಲಿ ಎಲ್ಲ ಹೊರಗೆ. ಹೊಟ್ಟೆಗೆ ಏನೂ ಕೊಡಬೇಡ, ತಾನಾಗಿ ನಿಲ್ಲುತ್ತದೆ ಅನ್ನುತ್ತಾರೆ ಅತ್ತೆ. ಹಿಂದಿನ ಸಲ ಡಾಕ್ಟರು ಬರೆದುಕೊಟ್ಟ ವಾಂತಿ ಸಿರಪ್ ಅರ್ಧ ಬಾಟಲಿ ಉಳಿದಿದೆ. ಅದನ್ನು ಕೊಡಬಹುದೇ?

ಉತ್ತರ: ಬಾಟಲಿ ಸದ್ಯಕ್ಕೆ ಇದ್ದಲ್ಲೇ ಇರಲಿ. ಅದರ ವಿಷಯಕ್ಕೆ ಆಮೇಲೆ ಬರೋಣ. ನಿಮ್ಮ ಅತ್ತೆಯವರ ಮಾತಿನಲ್ಲಿ ಅರ್ಧ ನಿಜವಿದೆ. ವಾಂತಿಯಾದ ಕೂಡಲೇ ಏನೂ ಕೊಡಬಾರದು, ಆದರೆ ಆ ಬಿಡುವು ಹತ್ತು ನಿಮಿಷದ್ದು, ಹತ್ತು ಗಂಟೆಯದ್ದಲ್ಲ.

ಸೋಂಕಿನಿಂದ ಕೆರಳಿದ ಹೊಟ್ಟೆ ಹಿಗ್ಗುವುದನ್ನು ಸಹಿಸುವುದಿಲ್ಲ. ಬಾಯಾರಿದ ಮಗು ಒಂದು ಲೋಟ ನೀರನ್ನು ಒಂದೇ ಉಸಿರಿಗೆ ಕುಡಿದಾಗ ಹೊಟ್ಟೆ ಒಮ್ಮೆಗೇ ಉಬ್ಬುತ್ತದೆ, ಉಬ್ಬಿದ್ದೇ ಮತ್ತೆ ವಾಂತಿಗೆ ಕಾರಣವಾಗುತ್ತದೆ. ಅದೇ ನೀರನ್ನು ಐದೈದು ಮಿ.ಲೀ.ಯಾಗಿ ಕೊಟ್ಟರೆ, ಒಂದು ಗುಟುಕು ಕರುಳಿಗೆ ಇಳಿದ ಮೇಲೆ ಇನ್ನೊಂದು ಬರುತ್ತದೆ, ಹೊಟ್ಟೆ ಉಬ್ಬುವುದೇ ಇಲ್ಲ. ಕರುಳು ಆಗಲೂ ಹೀರಿಕೊಳ್ಳುವ ಶಕ್ತಿ ಕಳೆದುಕೊಂಡಿರುವುದಿಲ್ಲ. ಸರಿಯಾದ ಪ್ರಮಾಣದಲ್ಲಿ ಸಕ್ಕರೆ ಮತ್ತು ಉಪ್ಪು ಒಟ್ಟಿಗೆ ಬಂದರೆ ಎರಡನ್ನೂ ಒಳಗೆ ಎಳೆದುಕೊಳ್ಳುತ್ತದೆ, ನೀರು ಅವುಗಳ ಹಿಂದೆಯೇ ಹೋಗುತ್ತದೆ. ಒಆರ್‌ಎಸ್ ಕೆಲಸ ಮಾಡುವುದೇ ಹೀಗೆ. ಬರೀ ನೀರಿನಲ್ಲಿ ಈ ಜೋಡಿ ಇಲ್ಲ. ಸಿಹಿ ಸೋಡಾ, ಪ್ಯಾಕೆಟ್ ಜ್ಯೂಸುಗಳಲ್ಲಿ ಸಕ್ಕರೆ ಅತಿಯಾಗಿ, ಉಪ್ಪು ಕಡಿಮೆಯಾಗಿ ಇರುವುದರಿಂದ ಅವು ಕರುಳಿಗೆ ನೀರನ್ನು ಎಳೆದು ಭೇದಿ ಹೆಚ್ಚಿಸುತ್ತವೆ. ಎಳನೀರಿನಲ್ಲೂ ಸೋಡಿಯಂ ಸಾಲದು. ಹುಷಾರಾದ ಮೇಲೆ ಕುಡಿಸಿ, ಈಗ ಬೇಡ.

ಮೆಡಿಕಲ್ ಶಾಪಿನಲ್ಲಿ ಕೇಳಬೇಕಾದದ್ದು ಡಬ್ಲ್ಯುಎಚ್‌ಒ ಸೂತ್ರದ ಒಆರ್‌ಎಸ್ ಪುಡಿ. ಹೆಸರು, ಚಿತ್ರ ನೋಡಿ ರಟ್ಟಿನ ಡಬ್ಬಿಯ ಸಿಹಿ ಪಾನೀಯ ತಂದು ಅದೇ ಒಆರ್‌ಎಸ್ ಎಂದು ಕುಡಿಸುವವರು ಇಂದಿಗೂ ಇದ್ದಾರೆ. ಪುಡಿಯ ಪ್ಯಾಕೆಟ್‌ನ ಹಿಂಬದಿ ಓದಿ. 20.5 ಗ್ರಾಂ ಇರುವುದು ಒಂದು ಲೀಟರ್ ನೀರಿಗೆ, ಚಿಕ್ಕ ಪ್ಯಾಕೆಟ್ 200 ಮಿ.ಲೀ.ಗೆ. ದೊಡ್ಡ ಪ್ಯಾಕೆಟ್ಟನ್ನು ಒಂದು ಲೋಟಕ್ಕೆ ಸುರಿಯುವುದು ಮನೆಗಳಲ್ಲಿ ಆಗುವ ಅತಿ ಅಪಾಯಕಾರಿ ತಪ್ಪು, ಮಗುವಿನ ರಕ್ತದಲ್ಲಿ ಉಪ್ಪಿನಂಶ ವಿಪರೀತ ಏರುತ್ತದೆ. ಅಂದಾಜಿನ ಮೇಲೆ ಅರ್ಧ ಪ್ಯಾಕೆಟ್, ಕಾಲು ಪ್ಯಾಕೆಟ್ ಕಲಸುವುದೂ ಬೇಡ. ಕುದಿಸಿ ಆರಿಸಿದ, ಅಳತೆ ಗೊತ್ತಿರುವ ನೀರಿಗೆ ಇಡೀ ಪ್ಯಾಕೆಟ್ಟಿನ ಪುಡಿ ಹಾಕಿ, ಮುಚ್ಚಿಡಿ, 24 ಗಂಟೆಯಾದ ಮೇಲೆ ಉಳಿದದ್ದನ್ನು ಚೆಲ್ಲಿ. ರುಚಿಗೆಂದು ಸಕ್ಕರೆ ಸೇರಿಸಬೇಡಿ.

ಇನ್ನು ಅಳತೆ. ಅಡುಗೆಮನೆಯ ಚಮಚ ಒಂದೊಂದು ಮನೆಯಲ್ಲಿ ಒಂದೊಂದು ಗಾತ್ರ. ಸೂಜಿಯಿಲ್ಲದ 5 ಮಿ.ಲೀ. ಸಿರಿಂಜ್ ಒಳ್ಳೆಯದು. ಅದಿಲ್ಲದಿದ್ದರೆ ಸಿರಪ್ ಜೊತೆ ಬರುವ ಅಳತೆ ಮುಚ್ಚಳದಲ್ಲಿ ಅಳೆದು ಒಳಲೆಯಲ್ಲೋ ಚಮಚದಲ್ಲೋ ಕೊಡಿ. ಸಿರಿಂಜಿನ ತುದಿ ಕೆನ್ನೆಯ ಒಳಭಾಗಕ್ಕೆ ಇರಲಿ, ಗಂಟಲಿಗೆ ನೇರವಾಗಿ ಹಾರಿಸಿದರೆ ಓಕರಿಕೆ ಬರುತ್ತದೆ. ಮಗು ತೊಡೆಯ ಮೇಲೆ ಕೂತಿರಲಿ, ಮಲಗಿಸಿ ಕುಡಿಸಬೇಡಿ.

ನಿಮ್ಮ ಮಗನ ಲೆಕ್ಕ ಹಾಕೋಣ. ಹತ್ತು ಗಂಟೆಗೆ ವಾಂತಿಯಾಯಿತು ಅಂತಿಟ್ಟುಕೊಳ್ಳಿ. ಬಾಯಿ ಒರೆಸಿ, ಹತ್ತು ನಿಮಿಷ ಎತ್ತಿಕೊಂಡು ಸುಮ್ಮನಿರಿ. 10.10ಕ್ಕೆ ಮೊದಲ 5 ಮಿ.ಲೀ. ಒಆರ್‌ಎಸ್. ಅಲ್ಲಿಂದ ಅರ್ಧ ಗಂಟೆ, ಐದು ನಿಮಿಷಕ್ಕೊಮ್ಮೆ 5 ಮಿ.ಲೀ. ಒಟ್ಟು 30 ಮಿ.ಲೀ. ಮಾತ್ರ. ಇಷ್ಟರಿಂದ ಏನಾದೀತು ಅನ್ನಿಸುತ್ತದೆ, ಮಗುವೂ ಲೋಟಕ್ಕಾಗಿ ಅಳುತ್ತದೆ. ಇಲ್ಲಿ ಮನಸ್ಸು ಕರಗಿ ಲೋಟ ಕೈಗಿಟ್ಟರೆ ಕೆಲಸ ಕೆಡುತ್ತದೆ, ಲೋಟವನ್ನು ಕಣ್ಣಿಗೆ ಕಾಣದಂತೆ ಇಡುವುದೇ ಮೇಲು. ಅರ್ಧ ಗಂಟೆ ದಕ್ಕಿಸಿಕೊಂಡರೆ ಮುಂದಿನ ಅರ್ಧ ಗಂಟೆ ಎರಡು ನಿಮಿಷಕ್ಕೊಮ್ಮೆ 5 ಮಿ.ಲೀ., ಅಂದರೆ ಸುಮಾರು 75 ಮಿ.ಲೀ. ಅದೂ ದಕ್ಕಿದರೆ 11.10ರಿಂದ ಮೂರು ನಿಮಿಷಕ್ಕೊಮ್ಮೆ 10 ಮಿ.ಲೀ., ಗಂಟೆಗೆ 200 ಮಿ.ಲೀ. ಹೀಗೆ ಎರಡು ಗಂಟೆಯಲ್ಲಿ 300 ಮಿ.ಲೀ. ಒಳಗೆ ಹೋಗಿರುತ್ತದೆ, ನಾಲ್ಕು ಗಂಟೆಯಲ್ಲಿ 700 ಮಿ.ಲೀ. ಹತ್ತಿರ. ನೀರಿನಂಶ ಒಂದಿಷ್ಟು ಕಡಿಮೆಯಾದ ಮಗುವಿಗೆ ಡಬ್ಲ್ಯುಎಚ್‌ಒ ಹೇಳುವುದು ನಾಲ್ಕು ಗಂಟೆಯಲ್ಲಿ ಕೆ.ಜಿ.ಗೆ 75 ಮಿ.ಲೀ., 11 ಕೆ.ಜಿ.ಗೆ 825. ಚಮಚದಿಂದಲೇ ನಾವು ಅದರ ಸಮೀಪ ಬಂದಿದ್ದೇವೆ. ಆಮೇಲೆ ಪ್ರತಿ ಭೇದಿಗೆ 100ರಿಂದ 200 ಮಿ.ಲೀ. ಹೆಚ್ಚಿಗೆ ಕೊಡಿ, ಅದನ್ನೂ ಗುಟುಕು ಗುಟುಕಾಗಿಯೇ.

ಮಧ್ಯೆ ಮತ್ತೆ ವಾಂತಿಯಾದರೆ ಸೋತೆವು ಎಂದಲ್ಲ. ಕೊಟ್ಟದ್ದೆಲ್ಲ ಹೊರಬಂದಂತೆ ಕಂಡರೂ ಒಂದಷ್ಟು ಆಗಲೇ ಕರುಳಿಗೆ ಇಳಿದಿರುತ್ತದೆ. ಹತ್ತು ನಿಮಿಷ ಬಿಡುವು ಕೊಟ್ಟು, ಹಿಂದಿನ ಹಂತದ ನಿಧಾನಗತಿಗೆ ಮರಳಿ. ಐದು ನಿಮಿಷಕ್ಕೆ 5 ಮಿ.ಲೀ. ಕೂಡ ಎರಡು ಗಂಟೆಯುದ್ದಕ್ಕೂ ಹೊಟ್ಟೆಯಲ್ಲಿ ನಿಲ್ಲದೇ ಹೋದರೆ ಮನೆಯ ಪ್ರಯತ್ನ ಅಲ್ಲಿಗೆ ಸಾಕು, ಆಸ್ಪತ್ರೆಗೆ ಹೊರಡಿ. ದಾರಿಯಲ್ಲೂ ಸಿರಿಂಜ್ ಕೈಯಲ್ಲಿರಲಿ. ನಡುವೆ ಅತ್ತೆಯವರು ದೃಷ್ಟಿ ತೆಗೆಯುವುದಾದರೆ ತೆಗೆಯಲಿ, ಐದು ನಿಮಿಷದ ಚಮಚ ಮಾತ್ರ ತಪ್ಪಬಾರದು.

ಇನ್ನೂ ಎದೆಹಾಲು ಕುಡಿಯುತ್ತಿದ್ದರೆ ಅದನ್ನು ನಿಲ್ಲಿಸಬೇಡಿ, ಎರಡು ಮೂರು ನಿಮಿಷ ಕುಡಿಸಿ ಬಿಡಿಸಿ, ಸ್ವಲ್ಪ ಹೊತ್ತಿಗೆ ಮತ್ತೆ ಕುಡಿಸಿ. ಮೂರು ನಾಲ್ಕು ಗಂಟೆ ವಾಂತಿಯಿಲ್ಲದೆ ಹಸಿವು ತೋರಿಸಿದರೆ ಮೆತ್ತಗಿನ ಅನ್ನ, ಇಡ್ಲಿ, ಮೊಸರನ್ನ, ಬಾಳೆಹಣ್ಣು ಎರಡು ತುತ್ತಿನಿಂದ ಶುರುಮಾಡಿ. ದಿನಗಟ್ಟಲೆ ಗಂಜಿನೀರಿನ ಮೇಲೇ ಇಡಬೇಕಿಲ್ಲ.

ಈಗ ಆ ಸಿರಪ್. ವಾಂತಿ ನಿಲ್ಲಿಸುವ ಔಷಧಗಳೆಲ್ಲ ಒಂದೇ ಅಲ್ಲ. ಬಾಟಲಿಯ ಮೇಲೆ ದೊಡ್ಡದಾಗಿರುವುದು ಕಂಪನಿ ಇಟ್ಟ ಹೆಸರು, ಅದರ ಕೆಳಗೆ ಸಣ್ಣಕ್ಷರದಲ್ಲಿರುವುದನ್ನು ಓದಿ.

ಒಂಡಾನ್ಸೆಟ್ರಾನ್ ಎಂದಿದ್ದರೆ, ಮಕ್ಕಳ ಹೊಟ್ಟೆ ಸೋಂಕಿನ ವಾಂತಿಗೆ ನಿಜಕ್ಕೂ ಕೆಲಸ ಮಾಡುತ್ತದೆಂದು ಚೆನ್ನಾಗಿ ಪರೀಕ್ಷಿಸಿ ತಿಳಿದಿರುವುದು ಅದು. ಆದರೆ ಅದರ ಪಾತ್ರ ಚಿಕ್ಕದು. ಗುಟುಕು ಗುಟುಕಾಗಿ ಕೊಟ್ಟದ್ದೂ ಹೊಟ್ಟೆಯಲ್ಲಿ ನಿಲ್ಲದಾಗ ವೈದ್ಯರು ಮಗುವನ್ನು ನೋಡಿ, ತೂಕದ ಮೇಲೆ ಒಂದೇ ಒಂದು ಡೋಸ್ ಕೊಡುತ್ತಾರೆ. 8ರಿಂದ 15 ಕೆ.ಜಿ. ಮಗುವಿಗೆ ಸಾಮಾನ್ಯವಾಗಿ 2 ಮಿ.ಗ್ರಾಂ. ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಅದೇ ಒಆರ್‌ಎಸ್ ಗುಟುಕು. ಔಷಧ ದಾರಿ ಬಿಡಿಸುತ್ತದೆ ಅಷ್ಟೆ, ದಾಹ ತೀರಿಸುವುದು ಒಆರ್‌ಎಸ್ಸೇ. ದಿನಕ್ಕೆ ಮೂರು ಹೊತ್ತು, ಐದು ದಿನ ಎಂದು ಕೊಡುತ್ತ ಹೋದರೆ ಲಾಭ ಹೆಚ್ಚುವುದಿಲ್ಲ, ಕೆಲವು ಮಕ್ಕಳಿಗೆ ಭೇದಿ ಜೋರಾಗುತ್ತದೆ. ಹೃದಯದ ಲಯವನ್ನೂ ಅದು ಸ್ವಲ್ಪ ಬದಲಿಸಬಲ್ಲದು. ಹುಟ್ಟಿನಿಂದ ಹೃದಯ ಲಯದ ತೊಂದರೆ ಇರುವ, ಭೇದಿಯಿಂದ ಪೊಟ್ಯಾಸಿಯಂ ಕುಸಿದ ಅಥವಾ ಅಜಿತ್ರೊಮೈಸಿನ್‌ನಂಥ ಆ್ಯಂಟಿಬಯೋಟಿಕ್ ತೆಗೆದುಕೊಳ್ಳುತ್ತಿರುವ ಮಗುವಿನಲ್ಲಿ ಇದು ಗಂಭೀರವಾಗಬಹುದು. ವೈದ್ಯರಿಗೆ ಇದನ್ನೆಲ್ಲ ಮೊದಲೇ ಹೇಳಿ.

ಡೊಂಪೆರಿಡೋನ್ ನಮ್ಮಲ್ಲಿ ಬಹಳ ಮನೆಗಳಲ್ಲಿ ಸಿಗುತ್ತದೆ. ಹೃದಯದ ಲಯ ಕೆಡಿಸುವ ಸಾಧ್ಯತೆಯ ಕಾರಣ ಯುರೋಪಿನ ಔಷಧ ನಿಯಂತ್ರಕರು 2014ರಲ್ಲೇ ಅದರ ಬಳಕೆಗೆ ಕಡಿವಾಣ ಹಾಕಿದರು. ಆಮೇಲೆ 12 ವರ್ಷದೊಳಗಿನವರಿಗೆ ವಾಂತಿಗೆಂದು ಕೊಡುವುದನ್ನೂ ಅಲ್ಲಿ ಕೈಬಿಟ್ಟರು, ಮಕ್ಕಳಲ್ಲಿ ಅದರಿಂದ ಪ್ರಯೋಜನ ಕಾಣಲಿಲ್ಲ. ಡ್ರಾಪ್ಸ್ ಮತ್ತು ಸಿರಪ್‌ಗಳ ಸಾಂದ್ರತೆ ಬೇರೆಬೇರೆ ಇರುವುದು ಇನ್ನೊಂದು ಉರುಳು, ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಕೊಟ್ಟರೆ ಹಲವು ಪಟ್ಟು ಔಷಧ ಒಳಗೆ ಹೋಗಬಹುದು.

ಮೆಟೊಕ್ಲೊಪ್ರಮೈಡ್ ಮತ್ತು ಪ್ರೊಕ್ಲೋರ್‌ಪೆರಜಿನ್ ಮಕ್ಕಳಲ್ಲಿ ಕುತ್ತಿಗೆ ತಿರುಚುವ, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳುವ, ನಾಲಿಗೆ ಹೊರಚಾಚುವ ಸೆಳೆತ ತರಬಲ್ಲವು. ಮನೆಯವರು ಫಿಟ್ಸ್ ಎಂದುಕೊಳ್ಳುತ್ತಾರೆ, ಆದರೆ ಮಗುವಿಗೆ ಎಚ್ಚರವಿರುತ್ತದೆ. ಹಾಗಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಕೊಟ್ಟ ಬಾಟಲಿಯನ್ನೂ ಒಯ್ಯಿರಿ. ಇದಕ್ಕೆ ಮದ್ದಿದೆ. ಪ್ರೊಮೆಥಜಿನ್ ಎರಡು ವರ್ಷದೊಳಗಿನ ಮಕ್ಕಳ ಉಸಿರಾಟವನ್ನೇ ತಗ್ಗಿಸಬಲ್ಲದು, ಆ ವಯಸ್ಸಿಗೆ ಕೊಡಲೇಬಾರದು. ದೊಡ್ಡ ಮಕ್ಕಳಿಗೂ ತೂಕಡಿಕೆ ತರುತ್ತದೆ. ಆಮೇಲೆ ಮಗು ಮಂಕಾದದ್ದು ನೀರಿನಂಶ ಕಡಿಮೆಯಾಗಿಯೋ ಔಷಧದಿಂದಲೋ ಎಂದು ವೈದ್ಯರಿಗೂ ತಿಳಿಯುವುದಿಲ್ಲ.

ಹಳೆಯ ಬಾಟಲಿಯ ದೊಡ್ಡ ಅಪಾಯ ಇದಕ್ಕಿಂತ ಬೇರೆ. ಹಿಂದಿನ ಸಲದ ವಾಂತಿಯ ಕಾರಣವೇ ಈ ಸಲವೂ ಎಂದು ಅದು ಊಹಿಸಿಬಿಡುತ್ತದೆ. ಭೇದಿಯೂ ಜೊತೆಗಿರುವುದರಿಂದ ನಿಮ್ಮ ಮಗನದು ಹೊಟ್ಟೆ ಸೋಂಕು ಇರಬಹುದು. ಆದರೆ ವಾಂತಿ ಹಸಿರಾಗಿದ್ದರೆ ಕರುಳು ತಿರುಚಿಕೊಂಡಿರಬಹುದು, ವಿಶೇಷವಾಗಿ ಎಳೆಗೂಸಿನಲ್ಲಿ. ಮಗು ಅಲೆಅಲೆಯಾಗಿ ಕಾಲು ಮಡಚಿ ಕಿರುಚಿ, ನಡುವೆ ಬಿಳಿಚಿಕೊಂಡು ಸುಮ್ಮನಾಗುತ್ತಿದ್ದರೆ ಕರುಳಿನೊಳಗೆ ಕರುಳು ಸಿಕ್ಕಿಕೊಂಡಿರಬಹುದು, ರಕ್ತ ಬೆರೆತ ಲೋಳೆಯ ಮಲ ಬರುವುದು ಅದರ ತಡವಾದ ಗುರುತು. ಬಲಗಡೆ ಕೆಳಹೊಟ್ಟೆ ಮುಟ್ಟಲು ಬಿಡದಿದ್ದರೆ ಅಪೆಂಡಿಕ್ಸ್ ಊತ ಇರಬಹುದು. ತಲೆಗೆ ಪೆಟ್ಟು ಬಿದ್ದ ಮೇಲೆ, ಅಥವಾ ದಿನವೂ ಬೆಳಗ್ಗೆ ತಲೆನೋವಿನೊಂದಿಗೆ ಬರುವ ವಾಂತಿ ಹೊಟ್ಟೆಯದ್ದೇ ಅಲ್ಲದಿರಬಹುದು. ವಾರಗಳಿಂದ ವಿಪರೀತ ದಾಹ, ಪದೇಪದೇ ಮೂತ್ರವಿದ್ದು ಈಗ ವಾಂತಿ ಮತ್ತು ಆಳ ಉಸಿರು ಬಂದರೆ ಸಕ್ಕರೆ ಕಾಯಿಲೆ ಇರಬಹುದು. ಇವುಗಳಲ್ಲಿ ಯಾವುದೇ ಇದ್ದರೂ ಔಷಧ ವಾಂತಿಯನ್ನಷ್ಟೇ ಮುಚ್ಚುತ್ತದೆ, ಒಳಗಿನದು ಮುಂದುವರಿಯುತ್ತದೆ. ಇಂಥ ಲಕ್ಷಣ ಕಂಡರೆ ಚಮಚದ ಲೆಕ್ಕವನ್ನೂ ಬಿಟ್ಟು ಹೊರಡಬೇಕು, ಹೊಟ್ಟೆಗೆ ಏನೂ ಕೊಡದೆ. ಅತ್ತೆಯವರ ಮಾತು ಪೂರ್ತಿ ಸರಿಯಾಗುವುದು ಆ ಒಂದೇ ಸಂದರ್ಭದಲ್ಲಿ.

ಈಗ ಮಗನ ಬಳಿ ಹೋಗಿ ನೋಡಿ. ಅವನು ಗಟಗಟ ಕುಡಿಯುವುದೇ ನೀರಿನಂಶ ಕಡಿಮೆಯಾಗಿರುವ ಒಂದು ಗುರುತು. ಜೊತೆಗೆ ಕಿರಿಕಿರಿ, ಗುಳಿಬಿದ್ದ ಕಣ್ಣು, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ನಿಧಾನವಾಗಿ ಸರಿಹೋಗುವುದು, ಇವುಗಳಲ್ಲಿ ಒಂದಿದ್ದರೂ ಇಂದೇ ವೈದ್ಯರು ನೋಡಬೇಕು. ಎಂಟು ಗಂಟೆಯಿಂದ ಮೂತ್ರವಿಲ್ಲದಿದ್ದರೂ ಹಾಗೆಯೇ. ಕರೆದರೆ ಏಳದಷ್ಟು ಮಂಕಾಗಿದ್ದರೆ, ಕುಡಿಯಲಾರದಿದ್ದರೆ, ವಾಂತಿಯಲ್ಲಿ ರಕ್ತವಿದ್ದರೆ ತಕ್ಷಣ. ಆರು ತಿಂಗಳೊಳಗಿನ ಕೂಸು ಪದೇಪದೇ ಕಕ್ಕುತ್ತಿದ್ದರೆ ಮನೆಯಲ್ಲಿ ಕಾದು ನೋಡಬೇಡಿ. ವೈದ್ಯರ ಬಳಿ ಹೋಗುವಾಗ ಕೊನೆಯ ವಾಂತಿಯ ಹೊತ್ತು, ಅದರ ಬಣ್ಣ, ಕೊನೆಯ ಬಾರಿ ಮೂತ್ರ ಮಾಡಿದ ಹೊತ್ತು, ಒಳಗೆ ಹೋದ ಒಆರ್‌ಎಸ್ ಎಷ್ಟು ಮಿ.ಲೀ. ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಹಳೆಯ ಬಾಟಲಿಯನ್ನು ತೆಗೆಯಬೇಕಾದದ್ದು ಆಗ, ಅವರಿಗೆ ತೋರಿಸಲು.