ಅಯೋಡಿನ್ ಮಾತ್ರೆ: ಯಾವಾಗ ನುಂಗಬೇಕು, ಯಾವಾಗ ಬಾರದು

‘ನಮ್ಮೂರು ಕೈಗಾ ಅಣು ವಿದ್ಯುತ್ ಸ್ಥಾವರಕ್ಕೆ ಹತ್ತಿರ. ಅಯೋಡಿನ್ ಮಾತ್ರೆ ತಂದಿಟ್ಟುಕೊಂಡು, ಅನಾಹುತದ ಸುದ್ದಿ ಬಂದ ಕೂಡಲೇ ಮನೆಮಂದಿಯೆಲ್ಲ ನುಂಗಿದರೆ ಸಾಕಲ್ಲವೇ? ಮಾತ್ರೆ ಸಿಗದಿದ್ದರೆ ಅಯೋಡಿನ್ ಉಪ್ಪು ಜಾಸ್ತಿ ತಿನ್ನಬಹುದೇ?’
– ಓದುಗರು, ಕಾರವಾರ

ಸಂಪಾದಕರ ಉತ್ತರ: ಉಪ್ಪಿನ ಮಾತು ಮೊದಲು ಮುಗಿಸೋಣ. ದೊಡ್ಡವರಿಗೆ ಕೊಡುವ 130 ಮಿಲಿಗ್ರಾಂ ಪೊಟ್ಯಾಸಿಯಂ ಅಯೋಡೈಡ್ ಮಾತ್ರೆಯಲ್ಲಿ 100 ಮಿಲಿಗ್ರಾಂ ಅಯೋಡಿನ್ ಇರುತ್ತದೆ. ನಮ್ಮ ಅಡುಗೆ ಉಪ್ಪಿನಲ್ಲಿ ಕಿಲೋಗೆ ಸುಮಾರು 15 ಮಿಲಿಗ್ರಾಂ. ಅಂದರೆ ಒಂದು ಮಾತ್ರೆಗೆ ಸಮವಾಗಲು ಆರು ಕಿಲೋಗೂ ಹೆಚ್ಚು ಉಪ್ಪು ತಿನ್ನಬೇಕು! ಗಾಯಕ್ಕೆ ಹಚ್ಚುವ ಟಿಂಚರನ್ನಂತೂ ಕುಡಿಯಲೇಬೇಡಿ, ಅದು ವಿಷ.

ಅಪಘಾತದಲ್ಲಿ ಹೊರಬೀಳುವ ಅಯೋಡಿನ್-131 ಎಂಬ ವಿಕಿರಣದ ಅಯೋಡಿನ್ ಉಸಿರಿನ ಮೂಲಕವೂ ಹಸು ಮೇದ ಹುಲ್ಲಿನಿಂದ ಹಾಲಿನ ಮೂಲಕವೂ ನಮ್ಮ ರಕ್ತ ಸೇರುತ್ತದೆ. ಥೈರಾಯ್ಡ್ ಗ್ರಂಥಿಗೆ ಯಾವುದು ಒಳ್ಳೆಯ ಅಯೋಡಿನ್, ಯಾವುದು ವಿಕಿರಣದ್ದು ಎಂದು ಗೊತ್ತಾಗುವುದಿಲ್ಲ. ಎರಡನ್ನೂ ಹೀರಿ ಕೂಡಿಡುತ್ತದೆ. ಮೊದಲೇ ಮಾತ್ರೆ ನುಂಗಿದ್ದರೆ ರಕ್ತದಲ್ಲಿ ಒಳ್ಳೆಯ ಅಯೋಡಿನ್ ತುಂಬಿ, ಗ್ರಂಥಿ ಸುಮಾರು ಒಂದು ದಿನ ಹೀರುವುದನ್ನೇ ಬಹುಮಟ್ಟಿಗೆ ನಿಲ್ಲಿಸುತ್ತದೆ. ಆಮೇಲೆ ಬಂದ ವಿಕಿರಣದ ಅಯೋಡಿನ್ ಹೆಚ್ಚಿನಂಶ ಮೂತ್ರದಲ್ಲಿ ಹೊರಟುಹೋಗುತ್ತದೆ.

ಹೊತ್ತಿನ ಪ್ರಶ್ನೆ ಬರುವುದು ಇಲ್ಲಿಯೇ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ವಿಕಿರಣದ ಗಾಳಿ ತಲುಪುವ ಮುಂಚಿನ 24 ಗಂಟೆಗಳಿಂದ ಹಿಡಿದು ತಲುಪಿದ 2 ಗಂಟೆಯೊಳಗೆ ನುಂಗುವುದು ಉತ್ತಮ. 8 ಗಂಟೆಯವರೆಗೂ ಪ್ರಯೋಜನವುಂಟು. ಒಂದು ದಿನ ಕಳೆದ ಮೇಲಾದರೆ ಉಲ್ಟಾ ಹೊಡೆಯಬಹುದು: ಗ್ರಂಥಿ ಆಗಲೇ ಸೇರಿಸಿಕೊಂಡ ವಿಕಿರಣದ ಅಯೋಡಿನ್ ಇನ್ನಷ್ಟು ದಿನ ಅಲ್ಲೇ ಉಳಿಯುತ್ತದೆ. ಸುದ್ದಿ ಕೇಳಿ ಗಾಬರಿಯಲ್ಲಿ ನುಂಗಿ, ಗಾಳಿ ಎರಡು ದಿನ ಬಿಟ್ಟು ಬಂದರೆ ಆ ಮಾತ್ರೆಯೂ ವ್ಯರ್ಥ. ಆದ್ದರಿಂದ ಆಡಳಿತದವರು ಹೇಳಿದ ಹೊತ್ತಿಗೇ ನುಂಗಬೇಕು, ಸಾಮಾನ್ಯವಾಗಿ ಒಂದೇ ಸಲ.

1986ರ ಏಪ್ರಿಲ್ 26ರಂದು ಚೆರ್ನೋಬಿಲ್ ಸ್ಫೋಟಿಸಿದಾಗ ಪಕ್ಕದ ಪೋಲೆಂಡ್ 29ರಿಂದಲೇ ಒಂದು ಕೋಟಿಗೂ ಹೆಚ್ಚು ಮಕ್ಕಳಿಗೆ ಅಯೋಡೈಡ್ ದ್ರಾವಣ ಕುಡಿಸಿತು. ಮೊದಲ ಗಾಳಿ ಆಗಲೇ ತಲುಪಿತ್ತು, ಆದರೆ ಹಾಲಿನ ದಾರಿ ಇನ್ನೂ ತೆರೆದಿತ್ತು. ಹಾಗಾಗಿ ಹೊರಗೆ ಮೇದ ಹಸುಗಳ ಹಾಲನ್ನೂ ತಡೆದು, ಚಿಕ್ಕಮಕ್ಕಳಿಗೆ ಹಾಲಿನ ಪುಡಿ ಕೊಟ್ಟರು. ಬೆಲಾರೂಸ್, ಉಕ್ರೇನ್‌ಗಳ ಎಷ್ಟೋ ಊರುಗಳಲ್ಲಿ ಮಕ್ಕಳು ಅದೇ ಹಾಲು ಕುಡಿಯುತ್ತಲೇ ಇದ್ದರು. ಅವರಲ್ಲಿ ಮುಂದೆ ಕಾಣಿಸಿಕೊಂಡ ಸಾವಿರಾರು ಥೈರಾಯ್ಡ್ ಕ್ಯಾನ್ಸರ್‌ಗಳಿಗೆ ಆ ಹಾಲು ಬಹುದೊಡ್ಡ ಕಾರಣ.

ಮಾತ್ರೆ ಕಾಪಾಡುವುದು ಥೈರಾಯ್ಡನ್ನು ಮಾತ್ರ, ಅದೂ ಅಯೋಡಿನ್‌ನಿಂದ ಮಾತ್ರ. ಅಪಘಾತದಲ್ಲಿ ಹೊರಬೀಳುವ ಇನ್ನೊಂದು ವಿಕಿರಣ ವಸ್ತುವಾದ ಸೀಸಿಯಂ ಮುಂದೆ ಅದು ನಡೆಯುವುದಿಲ್ಲ. ಮೊದಲ ಸರದಿ ಮಕ್ಕಳು, ಬಸುರಿಯರು, ಹಾಲೂಡಿಸುವ ತಾಯಂದಿರದು. ನಲವತ್ತು ದಾಟಿದವರಿಗೆ ಲಾಭ ಕಡಿಮೆ. ಹಸುಗೂಸಿಗೆ 16 ಮಿಲಿಗ್ರಾಂ, ಅಂದರೆ ಮಾತ್ರೆಯ ಎಂಟನೇ ಒಂದು ಭಾಗವಷ್ಟೇ ಸಾಕು. ಹೆಚ್ಚಾದರೆ ಮಗುವಿನ ಥೈರಾಯ್ಡೇ ಮಂಕಾದೀತು. ಮನೆಯಲ್ಲಿ ಥೈರಾಯ್ಡ್ ತೊಂದರೆ ಇರುವವರಿದ್ದರೆ ವೈದ್ಯರನ್ನು ಈಗಲೇ ಕೇಳಿಟ್ಟುಕೊಳ್ಳಿ.