ಆಜೀವ ಸದಸ್ಯತ್ವದ ದುಡ್ಡು ಒಂದೇ ವರ್ಷದ ಆದಾಯ ಯಾಕಲ್ಲ?

ಪ್ರಶ್ನೆ: ಏಪ್ರಿಲ್‌ನಲ್ಲಿ 40 ಜನ ತಲಾ 15,000 ಕೊಟ್ಟು ನಮ್ಮ ಶಟಲ್ ಕ್ಲಬ್‌ಗೆ ಆಜೀವ ಸದಸ್ಯರಾದರು. 6 ಲಕ್ಷವೂ ಬ್ಯಾಂಕಿನಲ್ಲಿದೆ, ಆದರೆ ಆಡಿಟರ್ ಆದಾಯಕ್ಕೆ ತೆಗೆದುಕೊಂಡಿದ್ದು ಬರೀ 40 ಸಾವಿರ. ಉಳಿದದ್ದು ಎಲ್ಲಿ ಹೋಯ್ತು?

ಎಲ್ಲೂ ಹೋಗಿಲ್ಲ. ಬ್ಯಾಲೆನ್ಸ್ ಶೀಟ್‌ನಲ್ಲಿ ಹೊಣೆಗಳ ಕಡೆ ನೋಡಿ, ಮುಂಗಡವಾಗಿ ಬಂದ ಶುಲ್ಕ ಅಂತ 5,60,000 ಇರುತ್ತದೆ. ಆ 40 ಜನ ಇನ್ನು ವರ್ಷಚಂದಾ ಕಟ್ಟುವುದಿಲ್ಲ, ಆದರೆ ಅವರು ಆಡುವ ಕೋರ್ಟಿನ ಕರೆಂಟ್ ಬಿಲ್ಲು, ಕಾವಲುಗಾರರ ಸಂಬಳ ಪ್ರತಿ ತಿಂಗಳೂ ಬರುತ್ತದೆ ಅಲ್ವಾ? ಆ ಸೇವೆ ಕೊಟ್ಟಷ್ಟಕ್ಕೆ ಮಾತ್ರ ಆದಾಯ. ನಿಮ್ಮ ಆಡಿಟರ್ 15 ವರ್ಷ ಅಂತ ಹಿಡಿದಿದ್ದಾರೆ, ಹಾಗಾಗಿ ತಲಾ ವರ್ಷಕ್ಕೆ 1,000. ಅಕ್ಟೋಬರ್ 1ಕ್ಕೆ ಸೇರಿದವರಿದ್ದರೆ ಮಾರ್ಚ್‌ವರೆಗೆ 500 ಅಷ್ಟೇ.

ನಾನು ಖಜಾಂಚಿಯಾಗುವ ಮೊದಲು ನಮ್ಮ ಕ್ಲಬ್‌ನಲ್ಲಿ ಹೀಗೆ ಬಂದ ದುಡ್ಡನ್ನೆಲ್ಲ ಅದೇ ವರ್ಷ ಆದಾಯ ಅಂತ ತೋರಿಸಿದ್ದರು. ಉಳಿತಾಯ ಭರ್ಜರಿಯಾಗಿ ಕಂಡಿತು, ಸಮಿತಿ ಖುಷಿಯಲ್ಲಿ ಹೊಸ ಮರದ ನೆಲ ಹಾಕಿಸಿತು. ಮರುವರ್ಷ ಚಂದಾ ಕಟ್ಟುವವರೇ ಕಡಿಮೆ, ಖರ್ಚು ಮಾತ್ರ ಹಾಗೇ, ಕೊನೆಗೆ ಕಾವಲುಗಾರರ ಸಂಬಳಕ್ಕೆ ಸದಸ್ಯರ ಹತ್ತಿರ ಕೈಗಡ ತರಬೇಕಾಯಿತು. ಆ ಸಂಕಟ ನನಗೆ ಇನ್ನೂ ಮರೆತಿಲ್ಲ. ಹಾಗಾಗಿ ಪುಸ್ತಕದಲ್ಲಿ ಹಂಚಿದರೆ ಸಾಲದು, ದುಡ್ಡನ್ನೂ ಬೇರೆ ಎಫ್‌ಡಿಯಲ್ಲಿ ಇಡಿ. ವರ್ಷದ ಕೊನೆಗೆ ಎಫ್‌ಡಿ ಆ ಮುಂಗಡಕ್ಕಿಂತ ಕಡಿಮೆ ಇದ್ದರೆ, ನಾಳಿನ ದುಡ್ಡನ್ನು ಇವತ್ತೇ ತಿಂದಿದ್ದೀರಿ ಅಂತ ಅರ್ಥ.

ಆ 15 ಎಲ್ಲಿಂದ ಬಂತು ಅಂತ ಆಡಿಟರನ್ನು ಖಂಡಿತ ಕೇಳಿ. ಸುಮ್ನೆ ಒಂದು ಸಂಖ್ಯೆ ಹಾಕಬಾರದು. ನಾವು ಹಳೇ ಆಜೀವ ಸದಸ್ಯರ ರಿಜಿಸ್ಟರ್ ತೆಗೆದು, ಯಾರು ಯಾವಾಗ ಸೇರಿದರು, ಎಷ್ಟು ವರ್ಷ ನಿಜವಾಗಿ ಆಡಲು ಬಂದರು ಅಂತ ಒಂದೊಂದೇ ಹೆಸರು ನೋಡಿ ಸರಾಸರಿ ತೆಗೆದೆವು, ಅದನ್ನು ಸಮಿತಿ ಠರಾವಿನಲ್ಲಿ ಬರೆದುಕೊಂಡೆವು. ಪ್ರತಿ ವರ್ಷ ಸೇರಿದವರದ್ದು ಬೇರೆ ಬೇರೆ ಪುಟ ಇರಲಿ. ಯಾರಾದರೂ 6 ವರ್ಷಕ್ಕೆ ತೀರಿಕೊಂಡರೆ, ಶುಲ್ಕ ವಾಪಸ್ ಇಲ್ಲ ಅನ್ನುವ ನಿಯಮವಿದ್ದರೆ, ಉಳಿದ 9,000 ಆ ವರ್ಷವೇ ಆದಾಯಕ್ಕೆ ಬರುತ್ತದೆ. ಈ ಪುಟ ಇಲ್ಲದಿದ್ದರೆ ಅದು ಯಾರಿಗೂ ನೆನಪಾಗುವುದಿಲ್ಲ.

ಒಂದು ವಿಷಯ ಮಾತ್ರ ನಿಮ್ಮ ಬೈಲಾದಲ್ಲಿ ನೋಡಿಕೊಳ್ಳಿ. ಆಜೀವ ಸದಸ್ಯರೂ ಬೇರೆಯಾಗಿ ವರ್ಷಚಂದಾ ಕಟ್ಟಬೇಕು, ಈ 15,000 ಬರೀ ಸದಸ್ಯತ್ವದ ಹಕ್ಕಿಗೆ ಅಂತಿದ್ದರೆ ಲೆಕ್ಕವೇ ಬೇರೆ. ಆಗ ಆದಾಯ ಯಾವಾಗ ತೋರಿಸಬೇಕು ಅಂತ ಹೇಳುವ ಲೆಕ್ಕಪತ್ರ ಮಾನದಂಡ ಎಎಸ್ 9 ಪ್ರಕಾರ ಬಂದಾಗಲೇ ಆದಾಯಕ್ಕೆ ತೆಗೆದುಕೊಳ್ಳಬೇಕು, ಹಂಚುವ ಹಾಗಿಲ್ಲ.